ಪದೇ ಪದೇ ಗೈರಾಗುವ ಹುಡುಗನ ಅಜ್ಜಿಗೆ ಪತ್ರ: ಬರೆದವರು ನಿಮ್ಮ ಅನುಭವ ಹೇಳಿ

ಕೇಳಿದವರು: ಮಾನ್ವಿ ತಾಲ್ಲೂಕಿನ ಟೀಚರ್

ಏಳನೇ ಕ್ಲಾಸಿನ ಹುಡುಗ. ಜೂನ್‌ನಿಂದ ಇಲ್ಲಿವರೆಗೆ 23 ದಿನ ಗೈರು, ಬಿಟ್ಟು ಬಿಟ್ಟು. ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಮನೆಯಲ್ಲಿ ಅಜ್ಜಿ ಒಬ್ಬರೇ. ಹೆಡ್‌ಮಾಸ್ಟರ್ ನೋಟಿಸ್ ಕಳಿಸಿ ಅಂತಾರೆ. ನನಗೆ ಅಜ್ಜಿ ಮೇಲೆ ತಪ್ಪು ಹೊರಿಸದೆ, ಕೂತು ಮಾತಾಡೋಣ ಅನ್ನೋ ಥರ ಒಂದು ಪತ್ರ ಬರೀಬೇಕು. ಬರೆದವರಿದ್ದರೆ ಹೇಗೆ ಬರೆದ್ರಿ, ಏನಾಯ್ತು, ಹೇಳ್ತೀರಾ?

ನಿವೃತ್ತ ಮುಖ್ಯಗುರು, ತುಮಕೂರು ಕಡೆ

ಅಮ್ಮಾ, 34 ವರ್ಷ ಸರ್ವೀಸ್ ಮಾಡಿ ಹೇಳ್ತಿದ್ದೀನಿ. ಪತ್ರ ಸಿಹಿಯಾಗಿರಲಿ ಬಿಡಲಿ, ಮೊದಲು ದಾಖಲೆ. 2016ರಲ್ಲಿ ನಮ್ಮಲ್ಲಿ ಒಬ್ಬ ಹುಡುಗ ಹೀಗೇ ಬರ್ತಾ ಹೋಗ್ತಾ ಇದ್ದ. ನಾನು ಒಳ್ಳೆಯವನಾಗೋಕೆ ಹೋಗಿ ಅವರ ಚಿಕ್ಕಪ್ಪನಿಗೆ ಬಾಯಿಮಾತಲ್ಲಿ ಹೇಳಿ ಕಳಿಸಿದೆ, ಮೂರು ಸಲ. ನಮ್ಮ ಕ್ಲಸ್ಟರಿನ ಶಾಲೆಗಳನ್ನ ನೋಡಿಕೊಳ್ಳೋ ಸಿಆರ್‌ಪಿ ಬಂದು "ಏನು ಕ್ರಮ ತಗೊಂಡ್ರಿ, ತೋರಿಸಿ" ಅಂದಾಗ ತೋರಿಸೋಕೆ ಒಂದು ಚೀಟಿ ಇರಲಿಲ್ಲ. ಕಾರಣ ಕೇಳಿ ನನಗೇ ನೋಟಿಸ್ ಬಂತು! ಆಮೇಲೆ ನಾನು ಯಾರನ್ನೂ ನಂಬಲಿಲ್ಲ. ರಿಜಿಸ್ಟರ್ಡ್ ಪೋಸ್ಟ್, ಜೊತೆಗೆ ಸ್ವೀಕೃತಿ ಕಾರ್ಡು. ಒಂದಕ್ಕೆ 25 ರೂಪಾಯಿ ಹತ್ತಿರ ಬೀಳೋದು. ಆ ವರ್ಷ ಹನ್ನೊಂದು ಪತ್ರಕ್ಕೆ ಕೈಯಿಂದ ದುಡ್ಡು ಹಾಕಿದೆ. ಶಾಲಾ ಅನುದಾನದಲ್ಲಿ ಹಾಕಿದರೆ ಆಡಿಟ್‌ನವರು ಅದಕ್ಕೂ ಪ್ರಶ್ನೆ ಎತ್ತುತ್ತಿದ್ದರು. ಹನ್ನೊಂದರಲ್ಲಿ ನಾಲ್ಕು "ಮನೆ ಬೀಗ" ಅಂತ ಬರೆಸಿಕೊಂಡು ವಾಪಸ್ ಬಂದವು. ಆದರೂ ಫೈಲಲ್ಲಿ ಇತ್ತು ನೋಡಿ.

ಪತ್ರದಲ್ಲಿ ಒಂದು ಮಾತು ಇರಲೇಬೇಕು: ಹೀಗೇ ಮುಂದುವರಿದರೆ ಹೆಸರು ತೆಗೆಯಲಾಗುವುದು, 75 ಪರ್ಸೆಂಟ್ ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಭಯ ಇಲ್ಲದೆ ನಮ್ಮ ಜನ ಬರಲ್ಲ.

ದೇವದುರ್ಗ ಕಡೆಯ ಟೀಚರ್, ಹದಿನಾಲ್ಕು ವರ್ಷ ಸರ್ವೀಸ್

ಸರ್, ದೊಡ್ಡವರು ನೀವು, ಆದರೆ ಇದನ್ನ ಓದಿ ಈ ಟೀಚರ್ ಹಾಗೇ ಬರೆದುಬಿಟ್ಟಾರು ಅಂತ ಹೇಳ್ತೀನಿ. ಎಂಟನೇ ಕ್ಲಾಸಿನವರೆಗೆ ಗೈರಾದ ಅಂತ ಹೆಸರು ತೆಗೆಯೋಕೆ ಬರಲ್ಲ, ಆರ್‌ಟಿಇ ಶಿಕ್ಷಣ ಹಕ್ಕು ಕಾಯ್ದೆ ಬಂದಾಗಿಂದ. 75 ಪರ್ಸೆಂಟ್ ಎಸ್ಸೆಸ್ಸೆಲ್ಸಿಯವರ ಮಾತು, ಏಳನೇ ಹುಡುಗನಿಗೆ ಅದನ್ನ ಬರೆದರೆ ಸುಳ್ಳು ಬೆದರಿಕೆ ಆಗ್ತದೆ. ಊರಲ್ಲಿ ಯಾರಾದರೂ ತಿಳಿದವರು ಓದಿದರೆ ಅಲ್ಲಿಗೆ ಪತ್ರದ ಮರ್ಯಾದೆ ಮುಗೀತು.

ನನ್ನದು ಹೇಳ್ತೀನಿ, ಉದ್ದ ಆಗ್ತದೆ.

2022. ಆರನೇ ಕ್ಲಾಸಿನ ಹುಡುಗಿ, ನಿಮ್ಮಂಗೇ ಅಜ್ಜಿ ಮನೆ, ಅವ್ವ ಅಪ್ಪ ಬೆಂಗಳೂರು. ನವೆಂಬರ್ ಹೊತ್ತಿಗೆ 17 ಗೈರು. ಶಾಲೆಯಲ್ಲಿ ಒಂದು ಜೆರಾಕ್ಸ್ ನಮೂನೆ ಇತ್ತು, ಹೆಸರು ತುಂಬಿ ಕಳಿಸಿದೆ. "ತಮ್ಮ ಪಾಲ್ಯಳು ಪದೇ ಪದೇ ಗೈರುಹಾಜರಾಗುತ್ತಿದ್ದು, ಮೂರು ದಿನದೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು." ಕೈಗೆ ಕೊಟ್ಟದ್ದು ಯಾರಿಗೆ? ಆ ಹುಡುಗಿಗೇ. ಅಜ್ಜಿಗೆ ಓದು ಬರಲ್ಲ. ಓದಿ ಹೇಳಿದ್ದೂ ಆ ಹುಡುಗಿನೇ. "ಶಾಲ್ಯಾಗ ಫಂಕ್ಷನ್ ಐತಂತ, ಬಾ ಅಂದಾರ" ಅಂದಿದ್ದಾಳೆ.

ಅಜ್ಜಿ ಬಂದರು. ಇಳಕಲ್ ಸೀರೆ, ತಲೆ ತುಂಬ ಸೆರಗು, ಕೈಯಲ್ಲಿ ಒಂದು ಚೀಲದಲ್ಲಿ ಮಂಡಾಳು. ಮಕ್ಕಳಿಗೆ ಹಂಚೋಕೆ ತಂದಿದ್ದರಂತೆ. ನಮ್ಮ ಆಗಿನ ಹೆಡ್‌ಮಾಸ್ಟರ್ ಅವರನ್ನ ಆಫೀಸ್ ರೂಮಿನ ಬಾಗಿಲಲ್ಲೇ ನಿಲ್ಲಿಸಿ, ಎಲ್ಲರ ಮುಂದೆ, "ಮಕ್ಕಳನ್ನ ಸಾಲಿಗೆ ಕಳಸಾಕ ಏನು ಬ್ಯಾನಿ" ಅಂತ ಶುರು ಮಾಡಿದರು. ಅಜ್ಜಿ ಒಂದು ಮಾತೂ ಆಡಲಿಲ್ಲ. ಚೀಲ ಬೆಂಚಿನ ಮೇಲಿಟ್ಟು ಹೋದರು. ಹುಡುಗಿ ಆಮೇಲೆ ಹನ್ನೆರಡು ದಿನ ಬರಲಿಲ್ಲ.

ಆಗ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಕೆಲಸ ಅಂದರೆ ಹಾಜರಾತಿ ವಹಿ ಮನೆಗೆ ತಂದು, ಆ ಮೊದಲ 17 ಗೈರಿಗೂ ವಾರ ಯಾವುದು ಅಂತ ಪಕ್ಕದಲ್ಲಿ ಬರೆದದ್ದು. 11 ಸೋಮವಾರ! ಉಳಿದ 6 ಒಂದೇ ಗುಂಪು, ದೀಪಾವಳಿ ಆದ ಮೇಲೆ. ಅಂದರೆ ಇದು ಒಂದು ಕಾಯಿಲೆ ಅಲ್ಲ, ಎರಡು. "17 ದಿನ" ಅಂತ ಬರೆದಾಗ ಎರಡೂ ಒಂದರೊಳಗೆ ಮುಚ್ಚಿಹೋಗಿದ್ದವು. ಸೋಮವಾರ ನಮ್ಮ ಹೋಬಳಿ ಸಂತೆ. ಅಜ್ಜಿ ಬೆಳಗ್ಗೆ ಏಳಕ್ಕೆ ಸೊಪ್ಪಿನ ಪುಟ್ಟಿ ಹೊತ್ತು ಟಂಟಂ ಹತ್ತತಾರೆ. ಮನೆಯಲ್ಲಿ ಎರಡೂವರೆ ವರ್ಷದ ತಮ್ಮ. ಅವನನ್ನ ಯಾರು ನೋಡಬೇಕು? ದೀಪಾವಳಿದು ಬೇರೆ, ಅವ್ವ ಅಪ್ಪ ಬಂದವರು ಬೆಂಗಳೂರಿಗೆ ಕರಕೊಂಡು ಹೋಗಿ ಬಿಟ್ಟು ಬಂದಿದ್ದರು.

ಇನ್ನೊಂದು ಗಮನಿಸಿ. ಸತತ ಏಳು ದಿನ ಬರದಿದ್ದರೆ ನಮ್ಮ ರಾಜ್ಯದಲ್ಲಿ ಶಾಲೆ ಬಿಟ್ಟ ಮಗು ಅಂತ ಲೆಕ್ಕಕ್ಕೆ ಬರ್ತದೆ, ಮೇಲಿನವರು ಕೇಳ್ತಾರೆ. ವಾರಕ್ಕೊಂದು ಸೋಮವಾರ ತಪ್ಪಿಸೋ ಮಗು ಆ ಬಲೆಗೆ ಬೀಳೋದೇ ಇಲ್ಲ. ವರ್ಷವಿಡೀ ಗಣಿತದ ಹೊಸ ಪಾಠ ಸೋಮವಾರ ಶುರು ಆಗ್ತಿತ್ತು ನನ್ನದು. ಅವಳಿಗೆ ಭಿನ್ನರಾಶಿ ಯಾಕೆ ಬರ್ತಿರಲಿಲ್ಲ ಅಂತ ಆವತ್ತು ತಿಳೀತು.

ಎರಡನೇ ಪತ್ರ ಕೈಬರಹದಲ್ಲಿ ಬರೆದೆ. ಕಿವಿಗೆ ಬರೆದೆ, ಕಣ್ಣಿಗಲ್ಲ. ನನ್ನ ಹತ್ರ ನಕಲು ಇದೆ, ಹೆಸರು ಬಿಟ್ಟು ಹಾಕ್ತೀನಿ:

"ಅಜ್ಜಿಗೆ ನಮಸ್ಕಾರ. ನಾನು ನಿಮ್ಮ ಮೊಮ್ಮಗಳ ಟೀಚರ್. ಹೋದ ಸಲ ನೀವು ಶಾಲೆಗೆ ಬಂದಾಗ ನಿಮ್ಮನ್ನ ಕೂಡಿಸಿ ಮಾತಾಡಿಸಲಿಲ್ಲ, ಅದು ನಮ್ಮ ತಪ್ಪು. ನಿಮ್ಮ ಮೊಮ್ಮಗಳು ಕ್ಲಾಸಿನಲ್ಲಿ ಎಲ್ಲರಿಗಿಂತ ಚೆಂದ ಓದಿ ಹೇಳ್ತಾಳೆ. ಸೋಮವಾರ ಮಾತ್ರ ಬಹಳ ಸಲ ಬರೋದಕ್ಕೆ ಆಗಿಲ್ಲ, ದಸರಾ ಮುಂಚೆ ಆರು ಸೋಮವಾರ, ಆಮೇಲೆ ಐದು. ಸೋಮವಾರ ಮನೆಯಲ್ಲಿ ಏನು ತೊಂದರೆ ಇದೆ ಅಂತ ನನಗೆ ಗೊತ್ತಿಲ್ಲ, ನಿಮ್ಮಿಂದ ತಿಳಕೋಬೇಕು. ಶಾಲೆಯಿಂದ ಏನಾದರೂ ತೊಂದರೆ ಆಗಿದ್ದರೂ ಹೇಳಿ. ಗುರುವಾರ ಸಂಜೆ ಐದಕ್ಕೆ ನಾನೇ ನಿಮ್ಮ ಓಣಿಗೆ ಬರ್ತೀನಿ. ಆವತ್ತು ಆಗಲ್ಲ ಅಂದರೆ ಅಂಗನವಾಡಿ ಅಕ್ಕನ ಹತ್ರ ಹೇಳಿ ಕಳಿಸಿ."

ಅಷ್ಟೇ. ಹುಡುಗಿ ಕೈಗೆ ಕೊಡಲಿಲ್ಲ. ಅಂಗನವಾಡಿ ಕಾರ್ಯಕರ್ತೆ ಅದೇ ಓಣಿಯವರು, ಅವರು ಓದಿ ಹೇಳಿದರು. "ಗೊತ್ತಿಲ್ಲ" ಅಂತ ಬರೆದದ್ದು ಪೂರ್ತಿ ನಿಜ ಅಲ್ಲ, ಸಂತೆ ಅಂತ ಅಂದಾಜಿತ್ತು. ಆದರೆ ಅದನ್ನ ನಾನೇ ಬರೆದಿದ್ದರೆ "ಸಂತೆ ಸಲುವಾಗಿ ಮೊಮ್ಮಗಳನ್ನ ಬಿಡಿಸ್ತೀರಿ" ಅಂತ ಕೇಳಿಸ್ತಿತ್ತು.

ಗುರುವಾರ ಹೋದೆ. ಚಹಾ ಕೊಟ್ಟರು. ಹುಡುಗಿ ಸೋಮವಾರ ತಮ್ಮನನ್ನ ಕರಕೊಂಡೇ ಬರಲಿ, ನಮ್ಮ ಕಾಂಪೌಂಡಿನಲ್ಲೇ ಇರೋ ಅಂಗನವಾಡಿಯಲ್ಲಿ ಬಿಟ್ಟು ಕ್ಲಾಸಿಗೆ ಬರಲಿ ಅಂತ ಒಪ್ಪಂದ ಆಯ್ತು. ಮೊದಲ ಸೋಮವಾರವೇ ಕೆಟ್ಟಿತು. ಮೂರು ತುಂಬದ ಮಗುವನ್ನ ಕೂಡಿಸಿಕೊಳ್ಳಲ್ಲ ಅಂದರು ಸಹಾಯಕಿ. ತಪ್ಪಲ್ಲ ಅವರದು, ಅವನಿಗೆ ಏನಾದರೂ ಆದರೆ ಅವರ ತಲೆಗೆ ಬರ್ತದೆ. ನಾಲ್ಕು ತಿಂಗಳು ಆ ಹುಡುಗ ಸೋಮವಾರ ಚಿಕ್ಕ ಕ್ಲಾಸಿನವರ ನಲಿಕಲಿ ಕೋಣೆಯಲ್ಲಿ ಕೂತ. ಎರಡು ಸಲ ಚಾಪೆ ಒದ್ದೆ ಮಾಡಿದ, ಒಂದು ಸಲ ಯಾರದೋ ಸ್ಲೇಟು ಒಡೆದ, 40 ರೂಪಾಯಿ ನಾನೇ ಕೊಟ್ಟೆ. ಹೆಡ್‌ಮಾಸ್ಟರ್ ನನ್ನ ಜೊತೆ ಮಾತು ಬಿಟ್ಟರು. ಏಪ್ರಿಲ್‌ವರೆಗೆ ಅವಳು ತಪ್ಪಿಸಿದ ಸೋಮವಾರ ಮೂರು. ದೀಪಾವಳಿ ಗೈರಿಗೆ ಮಾತ್ರ ನನ್ನ ಪತ್ರದಿಂದ ಏನೂ ಆಗಲಿಲ್ಲ, ಮರುವರ್ಷ ಎಂಟು ದಿನ ಹೋದಳು.

ದಾವಣಗೆರೆ, ಪೇಂಟಿಂಗ್ ಕೆಲಸ

ನಾನು ಟೀಚರ್ ಅಲ್ಲ. ಇಂಥಾ ಪತ್ರ ಈಸ್ಕಂಡೋನು. ನೀವು ಬರ್ಯೋರೆಲ್ಲ ಸ್ವಲ್ಪ ಕೇಳ್ರಿ.

ಅಕ್ಕ ತೀರ್ಕಂಡ ಮ್ಯಾಲೆ ಅಕ್ಕನ ಮಗಳು ನಮ್ಮನೇಲೇ ಬೆಳೀತಿದ್ಲು. 2019, ಎಂಟನೇ ಕ್ಲಾಸು. ಒಂದಿನ ಪತ್ರ ಬಂತು, "ನಿಮ್ಮ ನಿರ್ಲಕ್ಷ್ಯದಿಂದ ವಿದ್ಯಾರ್ಥಿನಿಯ ಭವಿಷ್ಯ ಹಾಳಾಗುತ್ತಿದೆ." ನಿರ್ಲಕ್ಷ್ಯ! ನಮ್ಮ ಸ್ವಂತ ಮಗನಿಗೆ ಸೈಕಲ್ ಕೊಡಿಸದೆ ಅವಳಿಗೆ ಕೊಡ್ಸಿದ್ದೆ. ಪತ್ರ ಓದಿ ನನ್ನ ಹೆಂಡ್ತಿ ಮೂರು ದಿನ ಅತ್ಲು. "ಹೆತ್ತ ತಾಯಿ ಆಗಿದ್ರೆ ಹಿಂಗೆ ಬರೀತಿದ್ರಾ" ಅಂತ ಒಂದೇ ಮಾತು.

ಕೆಲಸ ಬಿಟ್ಟು ಹೋದೆ. 700 ರೂಪಾಯಿ ಕೂಲಿ ಹೋತು, ಆಟೋಗೆ ಹೋಗಿ ಬರಾಕೆ 120. ಹನ್ನೊಂದಕ್ಕೆ ಬಾ ಅಂದೋರು ಒಂದೂವರೆಗೆ ಕರೆದ್ರು. ಊಟದ ಹೊತ್ತು ಅಂತ ನಾಲ್ಕೇ ನಿಮಿಷ ಮಾತಾಡಿದ್ರು. ಅದರಲ್ಲಿ ಮೂರು ನಿಮಿಷ ನಂಗೆ ಬೈದದ್ದು.

ಕಾರಣ ಏನು ಗೊತ್ತಾ? ಅವಳು ತಿಂಗಳಿಗೆ ಮೂರು ನಾಲ್ಕು ದಿನ ತಪ್ಪಿಸ್ತಿದ್ಲು, ಎಲ್ಲಾ ತಿಂಗಳೂ. ನನ್ನ ಹೆಂಡ್ತಿ ಮೆಲ್ಲಗೆ ಕೇಳಿದಾಗ ಹೇಳಿದ್ಲು. ಶಾಲೆ ಹುಡುಗೀರ ಟಾಯ್ಲೆಟ್ಟಿಗೆ ಒಳಗಡೆ ಚಿಲಕ ಇಲ್ಲ. ನಲ್ಲಿ ಐತೆ, ನೀರಿಲ್ಲ. ಅಟೆಂಡೆನ್ಸ್ ಪುಸ್ತಕ ಹೆಣ್ಮಕ್ಕಳು ಯಾರಾದ್ರೂ ಒಂದು ಸಲ ತಿರುವಿ ಹಾಕಿದ್ರೆ ಇಪ್ಪತ್ತೆಂಟು ದಿನಕ್ಕೊಂದ್ಸಲ ಬರೋ ಗೈರು ಕಾಣ್ತಿತ್ತು. ಯಾರೂ ನೋಡ್ಲಿಲ್ಲ. ನಿರ್ಲಕ್ಷ್ಯ ಯಾರದು?

ಶನಿವಾರ ಮಧ್ಯಾಹ್ನ ನಾನೇ ಡ್ರಿಲ್ಲು ತಗಂಡು ಹೋಗಿ ಚಿಲಕ ಹಾಕಿದೆ. 85 ರೂಪಾಯಿ ಚಿಲಕ, ಸ್ಕ್ರೂ ಬೇರೆ. ಬಾಗಿಲ ಮೂಲೆ ಗೆದ್ಲು ತಿಂದಿತ್ತು, ಸ್ಕ್ರೂ ಹಿಡೀಲಿಲ್ಲ, ಒಳಗೊಂದು ಮರದ ತುಂಡು ಕೊಟ್ಟು ಮತ್ತೆ ಬಿಗಿದೆ. ಬಾಗಿಲಿಗೆ ಉಳಿದ ಬಣ್ಣನೂ ಹೊಡ್ದೆ, ನೀಲಿ. ಆ ದೇವದುರ್ಗದ ಟೀಚರ್ ಬರೆದಾರಲ್ಲ, "ಶಾಲೆಯಿಂದ ತೊಂದರೆ ಆಗಿದ್ದರೂ ಹೇಳಿ" ಅಂತ, ಅದೊಂದು ಸಾಲು ನಂಗೆ ಬಂದಿದ್ರೆ ಸಾಕಾಗಿತ್ತು.

ನಿವೃತ್ತ ಮುಖ್ಯಗುರು

ಚಿಲಕ ಹಾಕೋದು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿ ಕೆಲಸ. ಅವರಿಗೆ ಅರ್ಜಿ ಕೊಡಬೇಕಿತ್ತು. ಯಾರು ಬೇಕಾದರೂ ಬಂದು ಸರ್ಕಾರಿ ಕಟ್ಟಡಕ್ಕೆ ಡ್ರಿಲ್ ಹೊಡೆಯೋದು ಸರಿಯಲ್ಲ.

ದಾವಣಗೆರೆ, ಪೇಂಟಿಂಗ್ ಕೆಲಸ

ಸರ್, ಆ ಬಾಗಿಲು ಎರಡು ವರ್ಷ ಹಂಗೇ ಇತ್ತು. ನಿಮ್ಮ ಎಸ್‌ಡಿಎಂಸಿ ಎಲ್ಲೋಗಿತ್ತು? ಅರ್ಜಿ ಅಂತೆ.

ಬೆಂಗಳೂರು, ಖಾಸಗಿ ಶಾಲೆ ಕೋಆರ್ಡಿನೇಟರ್

ಎಲ್ಲರೂ ಯಾಕೆ ಇಷ್ಟು ಕಷ್ಟಪಡ್ತಿದ್ದೀರಾ ಅರ್ಥ ಆಗ್ತಿಲ್ಲ. ನಮ್ಮಲ್ಲಿ ಬೆಳಗ್ಗೆ ಒಂಬತ್ತೂಕಾಲಿಗೆ ಆ್ಯಪ್‌ನಿಂದ ಪೇರೆಂಟ್ಸ್‌ಗೆ ಮೆಸೇಜ್ ಹೋಗುತ್ತೆ, ಮೂರು ಆ್ಯಬ್ಸೆಂಟ್ ಆದರೆ ತಾನಾಗೇ ಲೆಟರ್ ಜನರೇಟ್ ಆಗುತ್ತೆ. ಅಜ್ಜಿಗೆ ಒಂದು ವಾಟ್ಸ್ಆ್ಯಪ್ ಹಾಕಿ ಸಾಕು.

ಆದರೆ ಯಾರಿಗೆ ಹೋಗುತ್ತೆ ಅನ್ನೋದು ನೋಡಿಕೊಳ್ಳಿ. ಅದರಲ್ಲಿ ನಾನು ಸುಟ್ಟುಕೊಂಡಿದ್ದೀನಿ. ನಾಲ್ಕನೇ ಕ್ಲಾಸಿನ ಮಗು, ತಾಯಿ ಜೊತೆ ಇತ್ತು, ಅಪ್ಪ ಅಮ್ಮನ ಡಿವೋರ್ಸ್ ಕೇಸ್ ನಡೀತಿತ್ತು. ಅಡ್ಮಿಶನ್ ಫಾರ್ಮಲ್ಲಿ ಇದ್ದದ್ದು ಅಪ್ಪನ ನಂಬರ್. ನಮ್ಮ ರೆಡಿಮೇಡ್ ಲೆಟರಲ್ಲಿ "lack of parental supervision" ಅಂತ ಒಂದು ಲೈನ್ ಇತ್ತು, ಯಾರು ಯಾವಾಗ ಸೇರಿಸಿದ್ದೋ. ಅದು ಅಪ್ಪನಿಗೆ ಹೋಯ್ತು. ಅವರ ಲಾಯರ್ ಅದನ್ನ ಫ್ಯಾಮಿಲಿ ಕೋರ್ಟಿಗೆ ಹಾಕಿದರು, ನೋಡಿ, ತಾಯಿ ಮಗುವನ್ನ ನೋಡಿಕೊಳ್ತಿಲ್ಲ ಅಂತ ಶಾಲೆಯವರೇ ಬರೆದಿದ್ದಾರೆ ಅಂತ. ಆ ತಾಯಿ ಶಾಲೆಗೆ ಬಂದು ನನ್ನ ಟೇಬಲ್ ಮುಂದೆ ನಿಂತು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಮೇಡಂ, ಅವನಿಗೆ ವೀಸಿಂಗ್ ಅಂತ ಡಾಕ್ಟರ್ ಸರ್ಟಿಫಿಕೇಟ್ ಮೂರು ಸಲ ಕೊಟ್ಟಿದ್ದೆ, ಅದು ಎಲ್ಲಿ?" ಸರ್ಟಿಫಿಕೇಟ್ ಕ್ಲಾಸ್ ಟೀಚರ್ ಡ್ರಾಯರಲ್ಲಿತ್ತು. ಆ್ಯಪ್‌ಗೆ ಗೊತ್ತಿರಲಿಲ್ಲ.

ದೇವದುರ್ಗ ಕಡೆಯ ಟೀಚರ್

ಮೇಡಂ, ನಮ್ಮ ಕಡೆ ಇಂಥ ಅಜ್ಜಿಯರ ಹತ್ರ ಇರೋದು ಬಟನ್ ಫೋನು. ಅದೂ ಮೊಮ್ಮಕ್ಕಳ ಕೈಯಲ್ಲೇ ಇರ್ತದೆ.

ಆದರೆ ನಿಮ್ಮ ಎರಡನೇ ಮಾತು ಸರಿ. ಮಕ್ಕಳ ವಿವರ ತುಂಬೋ ನಮ್ಮ ಸರ್ಕಾರಿ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ನಲ್ಲೂ ಇರೋದು ತಂದೆ ತಾಯಿ ಹೆಸರೇ. ಅದನ್ನ ನೋಡಿ ಲಕೋಟೆ ಮೇಲೆ ಅಪ್ಪನ ಹೆಸರು ಬರೆದರೆ, ಇಲ್ಲಿ ನಿಜವಾಗಿ ಮಗುಗೆ ಉಣಿಸೋ ಅಜ್ಜಿ ಲೆಕ್ಕಕ್ಕೇ ಇಲ್ಲ ಅಂದಂಗಾಯ್ತು. ಆಮೇಲೆ ಅಪ್ಪ ಬೆಂಗಳೂರಿಂದ ಫೋನ್ ಹಚ್ಚಿ ಅಜ್ಜಿಗೆ ಬೈತಾನೆ.

ಬೆಂಗಳೂರು, ಖಾಸಗಿ ಶಾಲೆ ಕೋಆರ್ಡಿನೇಟರ್

ಬಟನ್ ಫೋನಿಗೂ ವಾಯ್ಸ್ ಕಾಲ್ ಮಾಡಬಹುದಲ್ವಾ? ಪತ್ರನೇ ಯಾಕೆ?

ಹುಬ್ಬಳ್ಳಿ, ಹೈಸ್ಕೂಲ್ ಕನ್ನಡ ಶಿಕ್ಷಕ

ಪತ್ರನ ಯಾಕಂದ್ರ ಕಾಗದ ಮನ್ಯಾಗ ಉಳೀತದ. ಫೋನ್ ಮಾಡಿದ್ರ ಆ ಕ್ಷಣಕ್ಕ ಉತ್ತರ ಕೊಡಬೇಕಾಗ್ತದ, ಮಂದಿ ಹೆದರಿ "ನಾಳಿಂದ ಕಳಸ್ತೀನ್ರಿ" ಅಂದು ಇಡ್ತಾರ. ಕಾಗದ ಇದ್ರ ಎರಡು ದಿನ ವಿಚಾರ ಮಾಡ್ತಾರ.

ಅದಿರ್ಲಿ, ಇಲ್ಲಿ "ಪೇರೆಂಟ್ಸ್" ಅಂತ ಬರದೀರಿ, ಕೆಲವರು "ಪೋಷಕರು" ಅಂತಾರ. ನಮ್ಮ ಕಡೆ ಪಾಲಕರು ಅಂತೀವಿ, ಪಾಲಕರ ಸಭಾ ಅಂತೀವಿ. ಅಜ್ಜಿ, ಸೋದರಮಾವ, ದೊಡ್ಡವ್ವ ಎಲ್ಲಾ ಅದರಾಗ ಬರ್ತಾರ.

ನಿವೃತ್ತ ಮುಖ್ಯಗುರು

ಇಲಾಖೆಯ ಸುತ್ತೋಲೆಗಳಲ್ಲಿ ಪೋಷಕರು ಅಂತಲೇ ಇದೆ. ಪೋಷಣೆ ಮಾಡುವವರು ಪೋಷಕರು. ಅದರಲ್ಲೂ ಅಜ್ಜಿ ಬರ್ತಾರೆ.

ಹುಬ್ಬಳ್ಳಿ, ಹೈಸ್ಕೂಲ್ ಕನ್ನಡ ಶಿಕ್ಷಕ

ಸುತ್ತೋಲೆ ಬೆಂಗಳೂರಾಗ ಬರೀತಾರ ಸರ. ನಮ್ಮ ಭಾಗದಾಗ ಪೋಷಕರು ಅಂದ್ರ ನಾಟಕಕ್ಕ ರೊಕ್ಕಾ ಕೊಡಾವ್ರು.

ದಾವಣಗೆರೆ, ಪೇಂಟಿಂಗ್ ಕೆಲಸ

ನಂಗೆ ಬಂದ ಪತ್ರದಲ್ಲಿ "ಪಾಲಕರು/ಪೋಷಕರು" ಅಂತ ಎರಡೂ ಪ್ರಿಂಟ್ ಹಾಕಿ ಒಂದನ್ನ ಹೊಡೆದಿದ್ರು. ಯಾವುದು ಅಂತ ನೆನಪಿಲ್ಲ. "ಮಾವ" ಅಂತ ಎಲ್ಲೂ ಇರ್ಲಿಲ್ಲ.

ಮಾನ್ವಿ ತಾಲ್ಲೂಕಿನ ಟೀಚರ್ (ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ವಹಿ ತಂದು ವಾರ ಬರೆದೆ. 23ರಲ್ಲಿ 14 ಗುರುವಾರ! ಕೈ ನಡುಗಿತು ನಿಜವಾಗಿ. ಆದರೆ ಗುರುವಾರ ನಮ್ಮ ಸುತ್ತಮುತ್ತ ಸಂತೆ ಇಲ್ಲ. ಹತ್ತಿ ಬಿಡಿಸೋಕೆ ಹೋಗ್ತಾನೆ ಅಂದುಕೊಂಡಿದ್ದೆ, ಆದರೆ ಜುಲೈನಲ್ಲೂ ಗುರುವಾರ ಇದೆ, ಆಗ ಹತ್ತಿ ಎಲ್ಲಿ. ಪತ್ರ ಹೀಗೆ ಬರೆದಿದ್ದೀನಿ: "ನಿಮ್ಮ ಮೊಮ್ಮಗ ಗುರುವಾರ ಬರ್ತಿಲ್ಲ. ಅವನು ಓದಿನಲ್ಲಿ ಹಿಂದೆ ಬೀಳ್ತಾ ಇದ್ದಾನೆ. ಅವನನ್ನ ತಪ್ಪದೆ ಕಳಿಸೋಕೆ ನಿಮ್ಮ ಸಹಕಾರ ಬೇಕು. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಬರ್ತೀರಾ?" ಸರಿ ಇದೆಯಾ?

ದೇವದುರ್ಗ ಕಡೆಯ ಟೀಚರ್

"ನಿಮ್ಮ ಸಹಕಾರ ಬೇಕು" ಅನ್ನೋದು ಕರೆಂಟ್ ಬಿಲ್ಲಿನ ಭಾಷೆ, ತೆಗೀರಿ. ಸಹಕಾರ ಕೇಳಿದಂಗಿದೆ, ಆದರೆ ಕೆಲಸ ಪೂರ್ತಿ ಅಜ್ಜಿದೇ, ನೀವೇನು ಮಾಡ್ತೀರಿ ಅಂತ ಒಂದು ಸಾಲೂ ಇಲ್ಲ. ತಪ್ಪಿದ ಗುರುವಾರದ ಪಾಠ ನೀವು ಶುಕ್ರವಾರ ಹೇಳಿಕೊಡೋಕೆ ಆಗ್ತದಾ? ಆಗೋದಾದರೆ ಮಾತ್ರ ಬರೀರಿ. "ಹಿಂದೆ ಬೀಳ್ತಾ ಇದ್ದಾನೆ" ಬದಲು ಅವನಿಗೆ ಬರೋದು ಒಂದು ಮೊದಲು ಹೇಳಿ. ಗುರುವಾರ ಏನು ಅಂತ ಊಹೆ ಮಾಡಬೇಡಿ, ಅದನ್ನೇ ಕೇಳಿ.

ನಿವೃತ್ತ ಮುಖ್ಯಗುರು

ಮತ್ತು ನಕಲು ಪ್ರತಿ ಇಟ್ಟುಕೊಳ್ಳಿ. ಕೊಟ್ಟ ದಿನಾಂಕ, ಯಾರು ಓದಿ ಹೇಳಿದರು ಅಂತ ಅದರ ಹಿಂದೆ ಬರೆದು ಸಹಿ ಹಾಕಿ. ಬೆದರಿಕೆ ಬೇಡ ಅಂದರೆ ಬೇಡ, ದಾಖಲೆ ಬೇಕು.

ದೇವದುರ್ಗ ಕಡೆಯ ಟೀಚರ್

ಅದಕ್ಕೆ ನನ್ನದೂ ಒಪ್ಪಿಗೆ ಸರ್. ನಾನು ಆವತ್ತು ಮಾಡಿರಲಿಲ್ಲ, ಆಮೇಲೆ ಹೆಡ್‌ಮಾಸ್ಟರ್ ಕೇಳಿದಾಗ ಪೇಚಾಡಿದೆ.

ಬೆಂಗಳೂರು, ಖಾಸಗಿ ಶಾಲೆ ಕೋಆರ್ಡಿನೇಟರ್

ಗುರುವಾರ ಟೈಮ್‌ಟೇಬಲ್‌ನಲ್ಲಿ ಏನಿದೆ ನೋಡಿದ್ರಾ? ನಮ್ಮಲ್ಲಿ ಒಬ್ಬ ಹುಡುಗ ಪಿಟಿ ಸರ್‌ಗೆ ಹೆದರಿ ಆ ದಿನವೇ ತಪ್ಪಿಸ್ತಿದ್ದ.

ಮಾನ್ವಿ ತಾಲ್ಲೂಕಿನ ಟೀಚರ್ (ಕೇಳಿದವರು)

ಗುರುವಾರ ಮೊದಲ ಪೀರಿಯಡ್ ನನ್ನದೇ. ಗಣಿತ, ಕಿರುಪರೀಕ್ಷೆ. ಮಾರ್ಕ್ಸ್ ಜೋರಾಗಿ ಓದ್ತೀನಿ, ಎಲ್ಲರ ಮುಂದೆ.

ಪತ್ರ ಮತ್ತೆ ಬರೀತೀನಿ. ಎದುರುಮನೆ ಪಿಯುಸಿ ಹುಡುಗಿ ಓದಿ ಹೇಳ್ತೀನಿ ಅಂದಿದ್ದಾಳೆ. ಶನಿವಾರ ಅಜ್ಜಿ ಬಂದರೆ ಇಲ್ಲಿ ತಿಳಿಸ್ತೀನಿ.